‘ಭಾರಿ ಮಳೆ’ ಸಂಗತಿಯೋ, ಅಭಿಪ್ರಾಯವೋ?

ಪ್ರೌಢಶಾಲೆಯ ಭಾಷಾ ತರಗತಿಯಲ್ಲಿ ಒಂದಷ್ಟು ವಾಕ್ಯಗಳನ್ನು ಕೊಟ್ಟು, ಇವುಗಳಲ್ಲಿ ಸಂಗತಿ ಯಾವುದು, ಅಭಿಪ್ರಾಯ ಯಾವುದು ಗುರುತಿಸಿ ಎಂದು ಕೇಳುವುದುಂಟು. ‘ಕೃಷ್ಣರಾಜಸಾಗರ ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ’ ಎಂಬುದು ಸಂಗತಿ. ‘ತುಂಬಿದ ಕೃಷ್ಣರಾಜಸಾಗರವನ್ನು ನೋಡುವುದೇ ಚೆಂದ’ ಎಂಬುದು ಅಭಿಪ್ರಾಯ. ಇಷ್ಟು ಬರೆದರೆ ಅಂಕ ಸಿಗುತ್ತದೆ. ಆದರೆ ಬೆಳಿಗ್ಗೆ ಮನೆಗೆ ಬರುವ ಪತ್ರಿಕೆಯಲ್ಲಿ ಎರಡೂ ಹೀಗೆ ಬೇರೆ ಬೇರೆ ಸಾಲಿನಲ್ಲಿ ಬಂದು ನಿಲ್ಲುವುದಿಲ್ಲ. ಒಂದೇ ವಾಕ್ಯದ ಅರ್ಧ ಸಂಗತಿ, ಇನ್ನರ್ಧ ಬರೆದವರ ತೀರ್ಮಾನ ಆಗಿರುತ್ತದೆ. ಕೆಲವೊಮ್ಮೆ ಒಂದೇ ಪದ ಇವತ್ತಿನ ಸುದ್ದಿಯಲ್ಲಿ ಸಂಗತಿಯಾಗಿ, ನಾಳೆಯ ಸುದ್ದಿಯಲ್ಲಿ ಅಭಿಪ್ರಾಯವಾಗಿ ಬಂದಿರುತ್ತದೆ.

ಇದನ್ನು ತಿಳಿಯಲು ಮಳೆಯ ಸುದ್ದಿಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಜಿಲ್ಲಾ ಪುಟಗಳಲ್ಲಿ ಅದು ಬಂದೇ ಬರುತ್ತದೆ. ಅಳೆಯುವ ಸಾಧನ ಇದೆ, ಅಳತೆಯ ದಾಖಲೆ ಇದೆ, ಮನೆಗೆ ನೀರು ನುಗ್ಗಿದವರ ಸಿಟ್ಟಿದೆ, ಅಧಿಕಾರಿಗಳ ಸಮಜಾಯಿಷಿ ಇದೆ, ಬರೆಯುವವರ ಕಳಕಳಿಯೂ ಇದೆ. ಅಭ್ಯಾಸಕ್ಕೆಂದು ನಾನೇ ಒಂದು ಸುದ್ದಿ ಬರೆದಿದ್ದೇನೆ. ಊರು, ಅಂಕಿ ಎಲ್ಲವೂ ಕಲ್ಪಿತ. ಆದರೆ ಧಾಟಿ ಮಾತ್ರ ನೀವು ದಿನವೂ ಓದುವಂಥದ್ದೇ.

‘ಪುರಸಭೆ ನಿರ್ಲಕ್ಷ್ಯ: ಭಾರಿ ಮಳೆಗೆ ಮುಳುಗಿದ ಬಡಾವಣೆ. ಪಟ್ಟಣದಲ್ಲಿ ಮಂಗಳವಾರ ರಾತ್ರಿ ಭಾರಿ ಮಳೆ ಸುರಿದಿದೆ. ಬುಧವಾರ ಬೆಳಿಗ್ಗೆ 8.30ಕ್ಕೆ ಮುಗಿದ 24 ಗಂಟೆಗಳಲ್ಲಿ ಇಲ್ಲಿನ ಮಳೆಮಾಪನ ಕೇಂದ್ರದಲ್ಲಿ 58 ಮಿ.ಮೀ. ಮಳೆ ದಾಖಲಾಗಿದೆ. ತಗ್ಗು ಪ್ರದೇಶದ ಬರೋಬ್ಬರಿ 12 ಮನೆಗಳಿಗೆ ನೀರು ನುಗ್ಗಿದೆ. ಕಾಲುವೆಯ ಹೂಳು ತೆಗೆಯದೆ ಪುರಸಭೆ ನಿರ್ಲಕ್ಷ್ಯ ವಹಿಸಿದ್ದೇ ಇದಕ್ಕೆ ಕಾರಣ ಎನ್ನಲಾಗಿದೆ. ಪ್ರತಿ ವರ್ಷವೂ ಇದೇ ಗೋಳು ಎಂದು ನಿವಾಸಿಯೊಬ್ಬರು ಅಳಲು ತೋಡಿಕೊಂಡರು. ಹೂಳೆತ್ತುವ ಕೆಲಸ ಮೇ ತಿಂಗಳಲ್ಲೇ ಮುಗಿದಿದೆ ಎಂದು ಮುಖ್ಯಾಧಿಕಾರಿ ಸಮರ್ಥಿಸಿಕೊಂಡರು. ಇನ್ನೆರಡು ದಿನ ಭಾರಿ ಮಳೆಯಾಗುವ ಸಾಧ್ಯತೆ ಇದೆ ಎಂದು ಹವಾಮಾನ ಇಲಾಖೆ ಮುನ್ಸೂಚನೆ ನೀಡಿದೆ. ಸಂಬಂಧಪಟ್ಟವರು ಇನ್ನಾದರೂ ಎಚ್ಚೆತ್ತುಕೊಳ್ಳಬೇಕಿದೆ.’

ಈ ಸುದ್ದಿಯನ್ನು ಬಿಡಿಸುವ ಮುನ್ನ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಸಂಗತಿ ಎಂದರೆ ನಿಜ, ಅಭಿಪ್ರಾಯ ಎಂದರೆ ಸುಳ್ಳು ಅಥವಾ ಹಗುರ ಮಾತು ಎಂದು ಬಹಳ ವಿದ್ಯಾರ್ಥಿಗಳು ಅಂದುಕೊಂಡಿರುತ್ತಾರೆ. ಅದು ಹಾಗಲ್ಲ. ಸಂಗತಿಯ ವಾಕ್ಯ ಎಂದರೆ ಪರೀಕ್ಷಿಸಿ ನೋಡಬಹುದಾದ ವಾಕ್ಯ, ಅಷ್ಟೇ. ಪರೀಕ್ಷಿಸಿದ ಮೇಲೆ ಅದು ಸರಿಯೂ ಆಗಬಹುದು, ತಪ್ಪೂ ಆಗಬಹುದು. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 142 ಅಡಿ ಎಂದು ಯಾರಾದರೂ ಬರೆದರೆ ಅದು ಅಭಿಪ್ರಾಯವಾಗುವುದಿಲ್ಲ, ತಪ್ಪಾದ ಸಂಗತಿಯಾಗುತ್ತದೆ. ‘ಅದು ನನ್ನ ಅಭಿಪ್ರಾಯ’ ಎಂದು ಬರೆದವರು ಜಾರಿಕೊಳ್ಳಲು ಬರುವುದಿಲ್ಲ. ಹೀಗಾಗಿ ಯಾವುದೇ ವಾಕ್ಯ ಓದಿದಾಗ ‘ಇದು ನಿಜವೇ?’ ಎಂದು ಮೊದಲೇ ಕೇಳಬೇಡಿ. ‘ಇದು ತಪ್ಪಾಗಿದ್ದರೆ ಅದನ್ನು ಯಾವುದರಿಂದ ತೋರಿಸಬಹುದು?’ ಎಂದು ಕೇಳಿ. ಮಾಪಕ, ಕಡತ, ಎಣಿಕೆ, ಕಣ್ಣಾರೆ ಕಂಡವರು, ಹೀಗೆ ಒಂದಲ್ಲ ಒಂದನ್ನು ನೀವು ಹೆಸರಿಸಬಲ್ಲಿರಾದರೆ ಅದು ಸಂಗತಿಯ ವಾಕ್ಯ. ಏನನ್ನು ತಂದು ಮುಂದಿಟ್ಟರೂ ಇಬ್ಬರು ಸಮಾಧಾನದಿಂದ ಬೇರೆ ಬೇರೆ ಮಾತು ಹೇಳಬಹುದಾದರೆ ಅದು ಅಭಿಪ್ರಾಯ.

ಈ ಪ್ರಶ್ನೆಯನ್ನು ಹಿಡಿದು ಸುದ್ದಿಯ ಮೊದಲ ವಾಕ್ಯಕ್ಕೆ ಹೋಗೋಣ. ‘ಭಾರಿ ಮಳೆ ಸುರಿದಿದೆ.’ ಗುಣವಾಚಕ ಇದ್ದರೆ ಅಭಿಪ್ರಾಯ, ಅಂಕಿ ಇದ್ದರೆ ಸಂಗತಿ ಎಂಬ ಸುಲಭ ಸೂತ್ರ ಕಲಿತವರು ‘ಭಾರಿ’ ಎಂಬುದನ್ನು ಕಂಡ ಕೂಡಲೇ ಅಭಿಪ್ರಾಯ ಎಂದು ಬರೆದುಬಿಡುತ್ತಾರೆ. ಆದರೆ ಭಾರತೀಯ ಹವಾಮಾನ ಇಲಾಖೆಯ ಬಳಕೆಯಲ್ಲಿ ‘ಭಾರಿ ಮಳೆ’ಗೆ ಅಳತೆ ಇದೆ. 24 ಗಂಟೆಗಳಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ.ವರೆಗೆ ಬಿದ್ದರೆ ಅದು ಭಾರಿ ಮಳೆ. ಅದರ ಮೇಲೆ 204.4 ಮಿ.ಮೀ.ವರೆಗೆ ಅತಿ ಭಾರಿ. ಅದನ್ನೂ ದಾಟಿದರೆ ಅತ್ಯಂತ ಭಾರಿ. 15.6 ಮಿ.ಮೀ.ನಿಂದ 64.4 ಮಿ.ಮೀ.ವರೆಗಿನದು ಸಾಧಾರಣ ಮಳೆ. ಈ 24 ಗಂಟೆಗಳ ಲೆಕ್ಕ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಆದ್ದರಿಂದಲೇ ಮಂಗಳವಾರ ರಾತ್ರಿ ಸುರಿದ ಮಳೆ ಬುಧವಾರದ ಅಂಕಿಯಲ್ಲಿ ಕಾಣುತ್ತದೆ. ಇಲಾಖೆಯ ಪ್ರಕಟಣೆಯಲ್ಲಿ ಭಾರಿ ಮಳೆಯಾಗಿದೆ ಎಂದಿದ್ದರೆ ಅದು ಸಂಗತಿಯ ವಾಕ್ಯವೇ ಸರಿ. ಅಂಕಿ ತೆಗೆದು ನೋಡಿ, ಅದು ತಪ್ಪೆಂದು ತೋರಿಸಲೂಬಹುದು.

ಈಗ ನಮ್ಮ ಸುದ್ದಿಯ ಎರಡನೆಯ ವಾಕ್ಯ ನೋಡಿ. ದಾಖಲಾದದ್ದು 58 ಮಿ.ಮೀ. ಇಲಾಖೆಯ ಅಳತೆಯಲ್ಲಿ ಅದು ಭಾರಿ ಮಳೆಯಲ್ಲ, ಸಾಧಾರಣ ಮಳೆ. ಅಂದರೆ ಮೊದಲ ವಾಕ್ಯದ ‘ಭಾರಿ’ ಹವಾಮಾನ ಇಲಾಖೆಯದ್ದಲ್ಲ, ವರದಿಗಾರರದ್ದು. ಅದು ಅವರ ತೀರ್ಮಾನ. ಹಾಗೆಂದು ಅದು ಕೆಟ್ಟ ತೀರ್ಮಾನ ಎಂದು ಹೇಳಲಾಗದು. 58 ಮಿ.ಮೀ. ಇಡೀ ದಿನ ಜಿಟಿಜಿಟಿ ಎಂದು ಸುರಿದರೆ ಕಾಲುವೆಗಳು ಅದನ್ನು ಆರಾಮಾಗಿ ಸಾಗಿಸುತ್ತವೆ. ಅಷ್ಟೇ ಮಳೆ ಒಂದು ಗಂಟೆಯಲ್ಲಿ ಸುರಿದರೆ ಬೀದಿಯೇ ಹೊಳೆಯಾಗುತ್ತದೆ. ದಿನದ ಮೊತ್ತ ಎರಡರಲ್ಲೂ ಒಂದೇ. ಆ ರಾತ್ರಿ ಮಳೆಯಲ್ಲಿ ನಿಂತಿದ್ದವರಿಗೆ ಅದು ಭಾರಿಯಾಗಿಯೇ ಕಂಡಿರಬಹುದು. ಸಮಸ್ಯೆ ಇರುವುದು ಬೇರೆ ಕಡೆ. ಎಷ್ಟು ಹೊತ್ತಿನಲ್ಲಿ ಸುರಿಯಿತು ಎಂಬ ಸಂಗತಿಯನ್ನು ಸುದ್ದಿ ಹೇಳಿಲ್ಲ, ಅದರ ಜಾಗದಲ್ಲಿ ‘ಭಾರಿ’ ಎಂಬ ಒಂದು ಪದವನ್ನು ಕೂರಿಸಿದೆ. ಆ ಸಂಗತಿ ಸಿಗದ್ದೇನಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಅಳತೆ ಕಳಿಸುವ ಮಳೆಮಾಪಕಗಳನ್ನು ಇಟ್ಟಿದೆ. ಕೇಳಿದರೆ ತಿಳಿಯುತ್ತದೆ. ‘ಮೇಘಸ್ಫೋಟ’ ಎಂಬ ಪದವನ್ನು ಬಳಸುವಾಗಲೂ ಇದೇ ಎಚ್ಚರ ಬೇಕು. ಒಂದು ಸಣ್ಣ ಪ್ರದೇಶದಲ್ಲಿ ಗಂಟೆಗೆ 100 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಸುರಿದರೆ ಮಾತ್ರ ಹವಾಮಾನ ತಜ್ಞರು ಆ ಹೆಸರು ಕೊಡುತ್ತಾರೆ. ಜೋರು ಮಳೆಗೆಲ್ಲ ಆ ಹೆಸರಿಟ್ಟರೆ ಅದು ವರದಿಯಾಗುವುದಿಲ್ಲ, ಉದ್ಗಾರವಾಗುತ್ತದೆ.

ಅಂಕಿ ಇದ್ದ ಮಾತ್ರಕ್ಕೆ ವಾಕ್ಯ ಶುದ್ಧ ಸಂಗತಿ ಆಗುವುದಿಲ್ಲ ಎಂಬುದಕ್ಕೆ ಮೂರನೆಯ ವಾಕ್ಯ ಸಾಕ್ಷಿ. 12 ಮನೆಗಳಿಗೆ ನೀರು ನುಗ್ಗಿದೆ ಎಂಬುದನ್ನು ಮನೆಮನೆಗೆ ಹೋಗಿ ಎಣಿಸಬಹುದು. ‘ಬರೋಬ್ಬರಿ’ಯನ್ನು ಎಣಿಸಲಾಗುವುದಿಲ್ಲ. ಅದೇ ಸಂಗತಿಯನ್ನು ‘ಕೇವಲ 12 ಮನೆ’ ಎಂದು ಬರೆದರೆ ಓದುವವರ ಮನಸ್ಸು ಇನ್ನೊಂದು ಕಡೆಗೆ ವಾಲುತ್ತದೆ. ಮನೆಗಳ ಸಂಖ್ಯೆ ಬದಲಾಗಿಲ್ಲ. ಬರೋಬ್ಬರಿ, ಕೇವಲ, ಮಾತ್ರ, ಅಷ್ಟೇ, ಸಹ ಎಂಬ ಸಣ್ಣ ಪದಗಳ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಅವನ್ನು ಬಿಟ್ಟು ವಾಕ್ಯವನ್ನು ಮತ್ತೊಮ್ಮೆ ಓದಿ. ಉಳಿಯುವುದು ಸಂಗತಿ. ಇನ್ನು ತಲೆಬರಹದಲ್ಲಿ ‘ಮುಳುಗಿದ ಬಡಾವಣೆ’ ಎಂದಿದೆ. ಒಳಗೆ ಇರುವುದು 12 ಮನೆ. ಬಡಾವಣೆಯಲ್ಲಿ ಒಟ್ಟು ಎಷ್ಟು ಮನೆ ಇವೆ, ನೀರು ಹೊಸ್ತಿಲ ತನಕ ಬಂತೋ ಸೊಂಟದ ಮಟ್ಟಕ್ಕೆ ನಿಂತಿತೋ ಎಂಬುದು ಸುದ್ದಿಯಲ್ಲಿಲ್ಲ. ಎಷ್ಟೋ ಪತ್ರಿಕೆಗಳಲ್ಲಿ ತಲೆಬರಹ ಕೊಡುವವರು ವರದಿ ಬರೆದವರಲ್ಲ, ಕಚೇರಿಯಲ್ಲಿ ಕೂತ ಉಪಸಂಪಾದಕರು. ಜಾಗ ಕಡಿಮೆ, ಸಮಯ ಇನ್ನೂ ಕಡಿಮೆ. ಆದ್ದರಿಂದ ತಲೆಬರಹದ ಪ್ರತಿ ಪದಕ್ಕೂ ಒಳಗಿನ ವರದಿಯಲ್ಲಿ ಆಧಾರ ಇದೆಯೇ ಎಂದು ಹುಡುಕುವುದು ಒಳ್ಳೆಯ ಅಭ್ಯಾಸ.

ಈ ಸುದ್ದಿಯ ತಿರುಳು ಇರುವುದು ನಾಲ್ಕನೆಯ ವಾಕ್ಯದಲ್ಲಿ. ‘ಕಾಲುವೆಯ ಹೂಳು ತೆಗೆಯದೆ ಪುರಸಭೆ ನಿರ್ಲಕ್ಷ್ಯ ವಹಿಸಿದ್ದೇ ಇದಕ್ಕೆ ಕಾರಣ ಎನ್ನಲಾಗಿದೆ.’ ಓದಲು ಒಂದೇ ವಾಕ್ಯ. ಒಳಗೆ ನಾಲ್ಕು ಬೇರೆ ಬೇರೆ ಮಾತುಗಳಿವೆ. ಹೂಳು ತೆಗೆದಿಲ್ಲ ಎಂಬುದು ಒಂದು. ಇದು ಪರೀಕ್ಷಿಸಬಹುದಾದ ಸಂಗತಿ. ಕಾಲುವೆಗೆ ಹೋಗಿ ನೋಡಬಹುದು. ಕೆಲಸ ಆಗಿದ್ದರೆ ಅದರ ಟೆಂಡರ್, ಅಳತೆ ಪುಸ್ತಕ, ಪಾವತಿಯಾದ ಬಿಲ್ಲು ಪುರಸಭೆಯ ಕಡತದಲ್ಲಿ ಇರಲೇಬೇಕು. ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂದಿದೆ, ಅದರಡಿ ಅರ್ಜಿ ಹಾಕಿದರೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. ಎರಡನೆಯದು ‘ನಿರ್ಲಕ್ಷ್ಯ’. ಹೂಳು ತೆಗೆದಿಲ್ಲ ಎಂಬುದು ಸಾಬೀತಾದರೂ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ. ಹಣ ಬಂದಿರಲಿಲ್ಲವೋ, ಟೆಂಡರಿಗೆ ಯಾರೂ ಬಂದಿರಲಿಲ್ಲವೋ, ಎಲ್ಲ ಇದ್ದೂ ಮಾಡಲಿಲ್ಲವೋ ಎಂದು ತಿಳಿದ ಮೇಲಷ್ಟೇ ಆ ಪದ ಬಳಸಬಹುದು. ಆಗಲೂ ಅದು ಸಂಗತಿಗಳ ಮೇಲೆ ಕಟ್ಟಿದ ತೀರ್ಪೇ.

ಮೂರನೆಯದು ‘ಕಾರಣ’. ಇದರಲ್ಲಿ ಎಡವುವವರು ಬಹಳ. ಕಾರ್ಯಕಾರಣದ ಮಾತು ನೋಡಲು ಸಂಗತಿಯಂತೆಯೇ ಇರುತ್ತದೆ. ಅದನ್ನು ಪರೀಕ್ಷಿಸಲೂ ಸಾಧ್ಯ. ಆದರೆ ಮಳೆಯ ಮರುದಿನ ಬೆಳಿಗ್ಗೆ ಯಾರೂ ಪರೀಕ್ಷಿಸಿರುವುದಿಲ್ಲ. ಹೂಳು ತುಂಬಿದ್ದರಿಂದಲೇ ನೀರು ನುಗ್ಗಿತೋ, ಕಾಲುವೆಯೇ ಕಿರಿದಾಗಿತ್ತೋ, ಮೇಲಿನ ಕೆರೆಯ ಕೋಡಿ ಬಿತ್ತೋ, ಕಾಲುವೆಯ ದಂಡೆಯನ್ನು ಒತ್ತಿ ಮನೆ ಕಟ್ಟಲಾಗಿತ್ತೋ, ಎಂಜಿನಿಯರೊಬ್ಬರು ಇಳಿಜಾರು, ಹರಿವು, ಅಡ್ಡಿಗಳನ್ನು ಅಳೆದು ಹೇಳಬೇಕಾದ ವಿಷಯ ಅದು. ‘ವಹಿಸಿದ್ದೇ’ ಎಂಬಲ್ಲಿರುವ ದೀರ್ಘ ‘ಏ’ಕಾರವನ್ನು ಗಮನಿಸಿ. ಉಳಿದೆಲ್ಲ ಕಾರಣಗಳನ್ನೂ ಅದೊಂದೇ ಅಕ್ಷರ ಹೊರಗೆ ಹಾಕಿಬಿಟ್ಟಿದೆ. ನಾಲ್ಕನೆಯದು ‘ಎನ್ನಲಾಗಿದೆ’. ಯಾರು ಅಂದರು? ನಿವಾಸಿಗಳೇ, ವಿರೋಧ ಪಕ್ಷದ ಸದಸ್ಯರೇ, ವರದಿಗಾರರೇ? ಹೇಳಿದವರ ಹೆಸರಿಲ್ಲದ ಈ ಕ್ರಿಯಾಪದ ಕನ್ನಡ ಪತ್ರಿಕೆಗಳಲ್ಲಿ ಹೇರಳವಾಗಿ ಬರುತ್ತದೆ. ‘ತಿಳಿದುಬಂದಿದೆ’, ‘ಹೇಳಲಾಗುತ್ತಿದೆ’, ‘ಸಾರ್ವಜನಿಕರ ಆಗ್ರಹವಾಗಿದೆ’ ಎಲ್ಲವೂ ಇದೇ ಬಳಗ. ಮೂಲ ಹೇಳಿದರೆ ಅವರಿಗೆ ತೊಂದರೆಯಾಗುತ್ತದೆ ಎಂಬ ನಿಜವಾದ ಕಾರಣ ಕೆಲವು ಸುದ್ದಿಗಳಲ್ಲಿ ಇರುತ್ತದೆ, ಒಪ್ಪುತ್ತೇನೆ. ಹೂಳಿನ ಸುದ್ದಿಯಲ್ಲಿ ಅಂಥ ಗುಟ್ಟೇನೂ ಇಲ್ಲ. ಇಲ್ಲಿ ‘ಎನ್ನಲಾಗಿದೆ’ ಎಂದರೆ ಯಾರನ್ನೂ ಕೇಳಿಲ್ಲ ಎಂದೇ ಅರ್ಥ ಮಾಡಿಕೊಳ್ಳಬೇಕಾಗುತ್ತದೆ.

ಭಾರತೀಯ ಪತ್ರಿಕಾ ಮಂಡಳಿ ಪತ್ರಕರ್ತರಿಗೆಂದು ರೂಪಿಸಿರುವ ನಡವಳಿಕೆಯ ನಿಯಮಗಳಲ್ಲಿ ಈ ವಿಷಯ ಇದೆ. ಊಹೆಯನ್ನಾಗಲೀ ಟೀಕೆಯನ್ನಾಗಲೀ ಸಂಗತಿಯ ವೇಷದಲ್ಲಿ ಕೊಡಬಾರದು, ಮೂರನ್ನೂ ಬೇರೆ ಬೇರೆಯಾಗಿ ತೋರಬೇಕು ಎಂಬುದು ಅದರ ಸಾರ. ನಮ್ಮ ನಾಲ್ಕನೆಯ ವಾಕ್ಯ ಈ ನಿಯಮವನ್ನು ಮುರಿಯುತ್ತದೆ. ಅದೇ ಮಾತನ್ನು ‘ಕಾಲುವೆಯ ಹೂಳು ತೆಗೆದಿಲ್ಲ, ಅದರಿಂದಲೇ ನೀರು ನುಗ್ಗಿತು ಎಂದು ಬಡಾವಣೆಯ ಮೂವರು ನಿವಾಸಿಗಳು ದೂರಿದರು’ ಎಂದು ಬರೆದಿದ್ದರೆ ನಿಯಮವೂ ಉಳಿಯುತ್ತಿತ್ತು, ನಿವಾಸಿಗಳ ದೂರಿನ ತೂಕವೂ ಉಳಿಯುತ್ತಿತ್ತು.

ಇಲ್ಲಿಂದ ಮುಂದಿನ ಎರಡು ವಾಕ್ಯಗಳು ಮಾತು ಉಲ್ಲೇಖಿಸುವ ವಾಕ್ಯಗಳು. ಇವಕ್ಕೆ ಎರಡು ಪದರ. ‘ಪ್ರತಿ ವರ್ಷವೂ ಇದೇ ಗೋಳು ಎಂದು ನಿವಾಸಿಯೊಬ್ಬರು ಅಳಲು ತೋಡಿಕೊಂಡರು.’ ಅವರು ಹಾಗೆ ಹೇಳಿದರು ಎಂಬುದು ಸಂಗತಿ. ವರದಿಗಾರರ ಟಿಪ್ಪಣಿಯಲ್ಲೋ ಧ್ವನಿಮುದ್ರಣದಲ್ಲೋ ಅದು ಸಿಗುತ್ತದೆ. ಅವರು ಹೇಳಿದ್ದರಲ್ಲಿ ‘ಗೋಳು’ ಅವರ ನೋವಿನ ಮಾತು, ‘ಪ್ರತಿ ವರ್ಷ’ ಮತ್ತೆ ಪರೀಕ್ಷಿಸಬಹುದಾದ ಸಂಗತಿ. ಕಳೆದ ವರ್ಷದ, ಅದರ ಹಿಂದಿನ ವರ್ಷದ ಪತ್ರಿಕೆ ತೆಗೆದರೆ ಸಾಕು. ಒಬ್ಬರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟ ಮಾತ್ರಕ್ಕೆ ಒಳಗಿನದೆಲ್ಲ ಸಂಗತಿಯಾಗುವುದಿಲ್ಲ, ಎಲ್ಲವೂ ಬರೀ ಅಭಿಪ್ರಾಯವೂ ಆಗುವುದಿಲ್ಲ.

ಮುಖ್ಯಾಧಿಕಾರಿಯ ವಾಕ್ಯದಲ್ಲಿ ಬೇರೆಯೇ ಸೂಕ್ಷ್ಮ ಇದೆ. ಅವರು ಹೇಳಿದ್ದು, ಹೂಳೆತ್ತುವ ಕೆಲಸ ಮೇ ತಿಂಗಳಲ್ಲೇ ಮುಗಿದಿದೆ ಎಂದು. ಇದು ನೇರವಾದ ಸಂಗತಿಯ ಮಾತು. ಕಡತ ನೋಡಿದರೆ ಸರಿಯೋ ತಪ್ಪೋ ತಿಳಿಯುತ್ತದೆ. ಆದರೆ ವರದಿಗಾರರು ‘ಹೇಳಿದರು’ ಎಂದು ಬರೆದಿಲ್ಲ, ‘ಸಮರ್ಥಿಸಿಕೊಂಡರು’ ಎಂದಿದ್ದಾರೆ. ತಪ್ಪು ಮಾಡಿದವರು ತಾನೇ ಸಮರ್ಥಿಸಿಕೊಳ್ಳುವುದು? ಓದುವವರು ಕಡತ ನೋಡುವ ಮೊದಲೇ ಅಧಿಕಾರಿ ಕಟಕಟೆಯಲ್ಲಿ ನಿಂತಾಯಿತು. ಅದೇ ಜಾಗದಲ್ಲಿ ‘ಸ್ಪಷ್ಟಪಡಿಸಿದರು’ ಎಂದಿದ್ದರೆ ಅವರ ಮಾತು ನಿಜವೆಂದು ಪತ್ರಿಕೆಯೇ ಒಪ್ಪಿದಂತೆ. ‘ಒಪ್ಪಿಕೊಂಡರು’ ಎಂದರೆ ತಪ್ಪು ಸಾಬೀತಾದಂತೆ. ‘ಜಾರಿಕೊಂಡರು’ ಎಂದರೆ ಹೇಳಬೇಕಾದದ್ದನ್ನು ಹೇಳಲಿಲ್ಲ ಎಂಬ ದೂರು. ನಿವಾಸಿ ‘ಅಳಲು ತೋಡಿಕೊಂಡರು’, ಅಧಿಕಾರಿ ‘ಸಮರ್ಥಿಸಿಕೊಂಡರು’ ಎಂಬ ಎರಡು ಕ್ರಿಯಾಪದಗಳಲ್ಲೇ ಯಾರ ಪರ ನಿಲ್ಲಬೇಕೆಂದು ಸುದ್ದಿ ನಮಗೆ ಹೇಳಿಬಿಟ್ಟಿದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಇದು ಕಣ್ಣಿಗೆ ಬೀಳದೆ ಜಾರಿಹೋಗುತ್ತದೆ. ಅಷ್ಟು ಹೊತ್ತಿಗೆ ನಾವು ಮುಂದಿನ ವಾಕ್ಯಕ್ಕೆ ಹಾರಿರುತ್ತೇವೆ. ಹಾಗಾಗಿ ಉಲ್ಲೇಖದ ವಾಕ್ಯಗಳನ್ನು ಓದುವಾಗ ಕೊನೆಯ ಪದ ತೆಗೆದು ‘ಹೇಳಿದರು’ ಎಂದು ಹಾಕಿ ನೋಡಿ. ಎರಡಕ್ಕೂ ನಡುವೆ ಕಾಣುವ ವ್ಯತ್ಯಾಸವೇ ಬರೆದವರ ಅಭಿಪ್ರಾಯ.

ಮುನ್ಸೂಚನೆಯ ವಾಕ್ಯದಲ್ಲೂ ಎರಡು ಪದರ. ಇಲಾಖೆ ಮುನ್ಸೂಚನೆ ಕೊಟ್ಟಿದೆ ಎಂಬುದು ಸಂಗತಿ. ಭಾರಿ ಮಳೆಯಾಗುತ್ತದೆ ಎಂಬುದು ಇನ್ನೂ ಆಗದ ವಿಷಯ, ಲೆಕ್ಕಾಚಾರದ ಅಂದಾಜು. ಅದನ್ನು ಅಭಿಪ್ರಾಯ ಎಂದು ಗುರುತಿಸುವುದೂ ತಪ್ಪು, ಏಕೆಂದರೆ ಎರಡು ದಿನ ಕಳೆದ ಮೇಲೆ ಮಳೆಮಾಪಕ ಅದನ್ನು ಸರಿಯೋ ತಪ್ಪೋ ಎಂದು ಹೇಳಿಯೇ ಹೇಳುತ್ತದೆ. ಗಮನಿಸಿ, ಈ ವಾಕ್ಯದ ‘ಭಾರಿ’ 64.5 ಮಿ.ಮೀ.ನಿಂದ ಶುರುವಾಗುವ ‘ಭಾರಿ’. ಮೊದಲ ವಾಕ್ಯದ್ದು ಅದಲ್ಲ. ಒಂದೇ ಸುದ್ದಿಯಲ್ಲಿ ಒಂದೇ ಪದ ಎರಡು ಬಗೆಯಲ್ಲಿ ಕೂತಿದೆ. ಕೊನೆಯ ‘ಎಚ್ಚೆತ್ತುಕೊಳ್ಳಬೇಕಿದೆ’ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ‘ಬೇಕು’ ಬಂದ ಕಡೆ ಯಾರದೋ ಅಪೇಕ್ಷೆ ಇರುತ್ತದೆ. ಅದಕ್ಕೆ ಸಂಪಾದಕೀಯದಲ್ಲಿ, ಅಂಕಣದಲ್ಲಿ, ಓದುಗರ ಪತ್ರದಲ್ಲಿ ಜಾಗ ಇದೆ. ವರದಿಯ ಬಾಲಕ್ಕೆ ಅದನ್ನು ಕಟ್ಟುವ ರೂಢಿ ಹೋದರೆ ಒಳ್ಳೆಯದು.

ಮಳೆಯ ಸುದ್ದಿಯಿಂದಲೇ ಇನ್ನೊಂದು ಉದಾಹರಣೆ ಕೊಡುತ್ತೇನೆ, ಏಕೆಂದರೆ ಇದರಲ್ಲಿ ಎರಡು ಪತ್ರಿಕೆಗಳೂ ಸುಳ್ಳು ಹೇಳಿರುವುದಿಲ್ಲ. ಒಂದು ಜಿಲ್ಲೆಯಲ್ಲಿ ವಾಡಿಕೆಗಿಂತ ಶೇ 18ರಷ್ಟು ಕಡಿಮೆ ಮಳೆಯಾಗಿದೆ ಎಂದಿಟ್ಟುಕೊಳ್ಳಿ. ಒಂದು ಪತ್ರಿಕೆ ‘ಶೇ 18ರಷ್ಟು ಮಳೆ ಕೊರತೆ’ ಎನ್ನುತ್ತದೆ. ಇನ್ನೊಂದು ‘ಜಿಲ್ಲೆಯಲ್ಲಿ ವಾಡಿಕೆ ಮಳೆ’ ಎನ್ನುತ್ತದೆ. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ವಾಡಿಕೆಗಿಂತ ಶೇ 19ರಷ್ಟು ಹೆಚ್ಚು ಅಥವಾ ಕಡಿಮೆ ಇದ್ದರೂ ಅದು ವಾಡಿಕೆ ಮಳೆಯೇ. ಶೇ 20ರಿಂದ 59ರವರೆಗೆ ಕಡಿಮೆಯಾದರೆ ಕೊರತೆ. ಅದಕ್ಕೂ ಕೆಳಗಿಳಿದರೆ ತೀವ್ರ ಕೊರತೆ. ಹಾಗಾಗಿ ಎರಡನೆಯ ಪತ್ರಿಕೆ ಇಲಾಖೆಯ ಅರ್ಥದಲ್ಲಿ ಸರಿ, ಮೊದಲನೆಯದು ಆಡುಮಾತಿನ ಅರ್ಥದಲ್ಲಿ ಸರಿ. ಯಾವ ತಲೆಬರಹ ಆರಿಸಿಕೊಂಡರು ಎಂಬುದರಲ್ಲಿ ಪತ್ರಿಕೆಯ ನೋಟ ಇದೆ. ಬರಿಯ ಸಂಗತಿಗಳನ್ನೇ ಕೊಟ್ಟ ಸುದ್ದಿಯಲ್ಲೂ ಯಾವುದನ್ನು ಆರಿಸಿದರು, ಯಾವುದನ್ನು ಬಿಟ್ಟರು ಎಂಬ ಪ್ರಶ್ನೆ ಉಳಿಯುತ್ತದೆ. ‘ಬರಪೀಡಿತ’ ಎಂಬ ಪದವೂ ಹೀಗೆಯೇ. 2023ರಲ್ಲಿ ರಾಜ್ಯ ಸರ್ಕಾರ ಮೊದಲು 195 ತಾಲ್ಲೂಕುಗಳನ್ನು, ಆಮೇಲೆ ಸೇರಿಸುತ್ತಾ ಹೋಗಿ ಒಟ್ಟು 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಮಳೆ ಕೊರತೆ, ಬಿತ್ತನೆ, ಬೆಳೆಯ ಸ್ಥಿತಿ, ಮಣ್ಣಿನ ತೇವ ಮುಂತಾದ ಮಾನದಂಡಗಳ ಮೇಲೆ ನಡೆಯುವ ಆ ಘೋಷಣೆ ಒಂದು ಸಂಗತಿ. ಘೋಷಣೆಗೆ ಮೊದಲೇ ತನ್ನ ರಾಗಿ ಹೊಲದಲ್ಲಿ ನಿಂತು ರೈತರೊಬ್ಬರು ‘ನಮಗೆ ಬರ ಬಂದಿದೆ’ ಎಂದರೆ ಅದು ಅವರ ಹೊಲದ ಅನುಭವ. ಎರಡರ ಬೆಲೆಯೂ ದೊಡ್ಡದು, ಬಗೆ ಬೇರೆ.

ಸಂಗತಿ, ಅಭಿಪ್ರಾಯಗಳನ್ನು ಬೇರ್ಪಡಿಸುವುದು ನಮ್ಮ ಮಕ್ಕಳಿಗೆ ಮಾತ್ರ ಕಷ್ಟ ಎಂದು ಅಂದುಕೊಳ್ಳಬೇಕಿಲ್ಲ. ಹದಿನೈದು ವರ್ಷದ ವಿದ್ಯಾರ್ಥಿಗಳಿಗಾಗಿ ಹಲವು ದೇಶಗಳಲ್ಲಿ ನಡೆಯುವ ಪಿಸಾ ಪರೀಕ್ಷೆಯಲ್ಲಿ, 2018ರಲ್ಲಿ ರಾಪಾ ನುಯಿ ದ್ವೀಪದ ಬಗೆಗಿನ ಒಂದು ಪುಸ್ತಕ ವಿಮರ್ಶೆ ಕೊಟ್ಟು ಅದರ ವಾಕ್ಯಗಳಲ್ಲಿ ಸಂಗತಿ ಯಾವುದು, ಅಭಿಪ್ರಾಯ ಯಾವುದು ಎಂದು ಕೇಳಿದ್ದರು. ಶ್ರೀಮಂತ ದೇಶಗಳ ವಿದ್ಯಾರ್ಥಿಗಳಲ್ಲೂ ಸರಾಸರಿ ಅರ್ಧಕ್ಕಿಂತ ಕಡಿಮೆ ಜನ ಅದನ್ನು ಸರಿಯಾಗಿ ಮಾಡಿದರು. ಯುರೋಪಿನವರು 1722ರಲ್ಲಿ ಬಂದಿಳಿದಾಗ ದ್ವೀಪದಲ್ಲಿ ಶಿಲಾಮೂರ್ತಿಗಳಿದ್ದವು, ಕಾಡುಗಳಿರಲಿಲ್ಲ ಎಂಬರ್ಥದ ವಾಕ್ಯ ಅಲ್ಲಿತ್ತು. ಈ ದ್ವೀಪದ ಕತೆ ಪುಸ್ತಕದ ಅತ್ಯಂತ ಕಳವಳಕಾರಿ ಉದಾಹರಣೆಗಳಲ್ಲೊಂದು ಎಂಬರ್ಥದ ವಾಕ್ಯವೂ ಇತ್ತು. ಎರಡೂ ಒಂದೇ ದ್ವೀಪದ ಮಾತು, ಒಂದೇ ಗಂಭೀರ ದನಿ. ವ್ಯತ್ಯಾಸ ತಿಳಿಯುವುದು, ತಪ್ಪಾಗಿದ್ದರೆ ಯಾವುದರಿಂದ ತೋರಿಸಬಹುದು ಎಂದು ಕೇಳಿದಾಗಲೇ.

ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸುವ ಮೇಷ್ಟರು, ಮೇಡಂಗಳಲ್ಲಿ ನನ್ನದೊಂದು ಕೋರಿಕೆ. ಬಿಡಿ ವಾಕ್ಯಗಳನ್ನು ಕೊಡುವ ಬದಲು ಆ ದಿನದ ಜಿಲ್ಲಾ ಪುಟದಿಂದ ಒಂದು ಇಡೀ ಸುದ್ದಿಯನ್ನು ಕತ್ತರಿಸಿ ಕೊಡಿ. ವಾಕ್ಯಕ್ಕೊಂದು ಉತ್ತರ ಕೇಳಬೇಡಿ, ವಾಕ್ಯದ ಯಾವ ಭಾಗ ಏನು ಎಂದು ಗೆರೆ ಎಳೆಸಿ. ಗೆರೆಯ ಪಕ್ಕದಲ್ಲಿ, ಪರೀಕ್ಷಿಸಬೇಕಾದರೆ ಎಲ್ಲಿಗೆ ಹೋಗಬೇಕು ಎಂದು ಬರೆಸಿ: ಮಳೆಮಾಪನ ಕೇಂದ್ರ, ಪುರಸಭೆ ಕಡತ, ಹಳೆಯ ಪತ್ರಿಕೆ, ಪಕ್ಕದ ಬೀದಿ. ‘ಈ ಸುದ್ದಿಯಲ್ಲಿ ಇರುವಷ್ಟರಿಂದ ಹೇಳಲಾಗುವುದಿಲ್ಲ’ ಎಂದು ವಿದ್ಯಾರ್ಥಿಯೊಬ್ಬಳು ಕಾರಣ ಸಮೇತ ಬರೆದರೆ ದಯವಿಟ್ಟು ಅದಕ್ಕೆ ಪೂರ್ಣ ಅಂಕ ಕೊಡಿ.